ಡಬಲ್ ಬಾಟಮ್ ಕಂಡ ತಕ್ಷಣ ಖರೀದಿ ಬೇಡ

ತಿಂಗಳುಗಟ್ಟಲೆ ಬಿದ್ದ ಷೇರು ಎರಡನೇ ಸಲ ಅದೇ ತಳ ಮುಟ್ಟಿ ಎದ್ದರೆ ಸಾಕು, ಎಲ್ಲರೂ ‘ಡಬಲ್ ಬಾಟಮ್’ ಅಂತಾರೆ. ಸ್ವಲ್ಪ ತಡೀರಿ.

ಒಂದು ಷೇರು 400ರಿಂದ 200ಕ್ಕೆ ಇಳಿದು, 240ಕ್ಕೆ ಏರಿ, ಮತ್ತೆ 203ಕ್ಕೆ ಬಂತು ಅಂದುಕೊಳ್ಳಿ. ಈ ಎರಡನೇ ತಳದಲ್ಲಿ ವಾಲ್ಯೂಮ್ ಮೊದಲಿಗಿಂತ ಕಡಿಮೆ ಇದ್ದರೆ ಮಾರುವವರು ಸುಸ್ತಾಗುತ್ತಿರುವ ಸೂಚನೆ. ಆದರೂ ದಿನದ ಕ್ಲೋಸಿಂಗ್ 240 ದಾಟುವವರೆಗೆ ಕೈ ಹಾಕಬೇಡಿ. ದಾಟಿದ ದಿನ ವಾಲ್ಯೂಮ್ 20 ದಿನದ ಸರಾಸರಿಯ ಒಂದೂವರೆ ಪಟ್ಟಾದರೂ ಇರಬೇಕು ಅನ್ನೋದು ನನ್ನ ಲೆಕ್ಕ. ಇಲ್ಲದಿದ್ದರೆ ಬೆಲೆ ಮತ್ತೆ 240ರ ಕೆಳಗೆ ಜಾರೋದೇ ಹೆಚ್ಚು. ತಳದಿಂದ 240ರವರೆಗಿನ ಸುಮಾರು 40ರ ಅಂತರವನ್ನೇ 240ಕ್ಕೆ ಕೂಡಿದರೆ ಗುರಿ ಸುಮಾರು 280. ಸ್ಟಾಪ್‌ಲಾಸ್ 200ರ ಕೆಳಗಿಟ್ಟರೆ ಲಾಭದಷ್ಟೇ ನಷ್ಟವೂ ಆದೀತು, ಅದಕ್ಕೇ ನಾನು 228ರ ಆಸುಪಾಸು ಇಡ್ತೀನಿ.

ಬೆಲೆ ಬಟ್ಟಲಿನ ಆಕಾರದಲ್ಲಿ ನಿಧಾನಕ್ಕೆ ಇಳಿದು ಏರುವ ರೌಂಡಿಂಗ್ ಬಾಟಮ್ ಆದರೆ ವೀಕ್ಲಿ ಚಾರ್ಟ್ ನೋಡಿ. ಅಲ್ಲಿ ವಾಲ್ಯೂಮ್ ಕೂಡ ಬೆಲೆಯ ಜೊತೆ ನಿಧಾನಕ್ಕೆ ಇಳಿದು ಏರಬೇಕು.