ಯುಕೆಜಿ ಮಕ್ಕಳ ವಿಜ್ಞಾನ ಪುಸ್ತಕ ನೋಡಲು ಮೂರೇ ಪ್ರಶ್ನೆ: ನನ್ನ ಅನುಭವ

ಕಳೆದ ಮಾರ್ಚಿನಲ್ಲಿ ನಾನು ಮತ್ತು ಪಕ್ಕದ ಸೆಕ್ಷನ್ನಿನ ಅಕ್ಕೋರು ಮಕ್ಕಳು ಚಿತ್ರ ಬಿಡಿಸಿದ ವಿಜ್ಞಾನ ಪುಸ್ತಕಗಳಿಂದ ಹತ್ತು ಪುಟ ಆರಿಸಿಕೊಂಡು ಬೇರೆ ಬೇರೆ ಕೂತು ಅಂಕ ಕೊಟ್ಟೆವು. ಎಂಟು ಪುಟಕ್ಕೆ ಇಬ್ಬರ ಅಂಕವೂ ಒಂದೇ ಬಂತು. ಅದಕ್ಕೂ ಎರಡು ವರ್ಷ ಮೊದಲು ಇದೇ ರೀತಿ ಮಾಡಿದಾಗ ಮೂರೋ ನಾಲ್ಕೋ ಪುಟ ಮಾತ್ರ ಹೊಂದಿತ್ತು. "ಚಿತ್ರಕ್ಕೆಲ್ಲ ಅಂಕ ಕೊಡೋಕೆ ಆಗೋದಿಲ್ಲ, ಅದು ಅವರವರ ಕಣ್ಣಿಗೆ ಬಿಟ್ಟದ್ದು" ಎಂದು ಆಗ ಹೇಳಿದವರು ಇದೇ ಅಕ್ಕೋರು. ಈಗ ಅವರೂ ನನ್ನ ಮೂರು ಪ್ರಶ್ನೆಗಳ ಪಟ್ಟಿಯನ್ನೇ ಬಳಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಾರವಾರದ ಕನ್ನಡ ಮಾಧ್ಯಮದ ಯುಕೆಜಿ. ಇಪ್ಪತ್ತೆಂಟು ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ಕೊಂಕಣಿ. ವಾರಕ್ಕೊಂದು ಪುಟ: ಎದುರಿಗಿಟ್ಟ ವಸ್ತುವನ್ನು ನೋಡಿ ಚಿತ್ರ ಬಿಡಿಸಿ, ಭಾಗಗಳಿಗೆ ಹೆಸರು ಹಾಕುವುದು. ಪುಸ್ತಕ ಬರೆಸುವುದು ನಿಮಗೆಲ್ಲ ಗೊತ್ತೇ ಇದೆ. ನನಗೆ ಕಷ್ಟವಾಗಿದ್ದು ಬರೆದ ಪುಟವನ್ನು ಏನೆಂದು ನೋಡಬೇಕು ಎಂಬುದು.

ಮೊದಲ ವರ್ಷ ಸ್ಟಾರ್ ಹಾಕಿದೆ. ಎರಡು ತಿಂಗಳಲ್ಲಿ ಮಕ್ಕಳಿಗೆ ಗುಟ್ಟು ತಿಳಿಯಿತು. ಬಣ್ಣ ಜಾಸ್ತಿ ತುಂಬಿದರೆ ಸ್ಟಾರ್ ಜಾಸ್ತಿ. ಲೋಟದಲ್ಲಿ ಮೊಳಕೆ ಇದ್ದರೂ ಪುಟದಲ್ಲಿ ಕೆಂಪು ಹೂವು, ಮೂಲೆಯಲ್ಲಿ ನಗುವ ಸೂರ್ಯ. ಕೆಲವು ಪುಸ್ತಕಗಳಲ್ಲಿ ಗೆರೆ ನೋಡಿದರೇ ಅಮ್ಮನ ಕೈ ಎಂದು ಗೊತ್ತಾಗುತ್ತಿತ್ತು.

ಎರಡನೇ ವರ್ಷ ಒಂದು ತರಬೇತಿಯಲ್ಲಿ ಕೊಟ್ಟ ರೂಬ್ರಿಕ್ ಹಾಳೆ, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂದು ಬರೆದ ಪಟ್ಟಿ, ತಂದೆ. ಆರು ಸಾಲು, ನಾಲ್ಕು ಕಾಲಂ. "ಸೂಕ್ತ ವಿವರಗಳೊಂದಿಗೆ", "ಬಹುತೇಕ ಸೂಕ್ತ ವಿವರಗಳೊಂದಿಗೆ" ಅಂತೆಲ್ಲ ಬರೆದಿತ್ತು. ಈ ಎರಡರ ನಡುವಿನ ವ್ಯತ್ಯಾಸ ಹುಡುಕುತ್ತ ಒಂದು ಪುಟಕ್ಕೆ ಐದಾರು ನಿಮಿಷ ಹೋಗುತ್ತಿತ್ತು. ಇಪ್ಪತ್ತೆಂಟು ಪುಟ ಮುಗಿಸಲು ಭಾನುವಾರ ಎರಡೂವರೆ ಗಂಟೆ ಬೇಕಾಗುತ್ತಿತ್ತು. ಮಗುವಿಗೊಂದರಂತೆ ವಾರವಾರ ಜೆರಾಕ್ಸ್ ತೆಗೆಸಿ ಒಂದು ಟರ್ಮಿಗೆ ಹತ್ತಿರ ಹತ್ತಿರ 700 ರೂಪಾಯಿ ಖರ್ಚಾಯಿತು. ಅದೇ ಹಾಳೆ ದೊಡ್ಡದು ಮಾಡಿ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದ್ದಕ್ಕೆ ಇನ್ನೊಂದು 180. ಎಲ್ಲ ನನ್ನ ಕೈಯಿಂದಲೇ. ಅಷ್ಟು ಮಾಡಿಯೂ ಆ ಅಕ್ಕೋರ ಅಂಕ ಒಂದು, ನನ್ನ ಅಂಕ ಇನ್ನೊಂದು.

ದಾರಿ ಕಂಡಿದ್ದು ಹೆಸರುಕಾಳಿನಿಂದ. ರಾತ್ರಿ ನೆನೆಸಿದ ಕಾಳನ್ನು ಪಾರದರ್ಶಕ ಪ್ಲಾಸ್ಟಿಕ್ ಲೋಟದ ಒಳಗೋಡೆಗೆ, ಒದ್ದೆ ಕಾಗದ ಒತ್ತುಕೊಟ್ಟು ನಿಲ್ಲಿಸಿದ್ದೆ. ಹತ್ತಿಯಲ್ಲಿಟ್ಟರೆ ಬೇರು ಒಳಗೇ ಅಡಗುತ್ತದೆ, ಮಕ್ಕಳಿಗೆ ಕಾಣುವುದಿಲ್ಲ. ಮೂರನೇ ದಿನದ ಚಿತ್ರದಲ್ಲಿ ಒಬ್ಬ ಹುಡುಗ ಬೇರಿನ ಸುತ್ತ ಸಣ್ಣ ಸಣ್ಣ ಗೆರೆ ಗೀಚಿದ್ದ. ಕೆರೆದು ಹಾಳು ಮಾಡಿದ್ದಾನೆ ಎಂದು ಕಡಿಮೆ ಅಂಕ ಕೊಟ್ಟೆ. ಅವನು ಬಿಡಲಿಲ್ಲ. "ಅಕ್ಕೋರೇ, ಅದಕ್ಕೆ ಕೂದ್ಲು ಬಂದದೆ" ಎಂದ. ಲೋಟ ಎತ್ತಿ ಬೆಳಕಿಗೆ ಹಿಡಿದೆ. ಬೇರಿನ ತುದಿ ಬಿಟ್ಟು ಸ್ವಲ್ಪ ಮೇಲೆ, ಬಿಳೀ ನಯವಾದ ರೋಮ. ಬೇರುರೋಮ! ನಾನೇ ಬೆಳಿಗ್ಗೆ ಅದನ್ನು ಬೂಸ್ಟು ಎಂದುಕೊಂಡು ಲೋಟ ಎಸೆಯಬೇಕು ಎಂದಿದ್ದೆ.

ಬೂಸ್ಟೋ ಬೇರುರೋಮವೋ ಎಂದು ತಿಳಿಯಲು ಸ್ವಲ್ಪ ನೀರು ಚಿಮುಕಿಸಿ. ರೋಮವಾದರೆ ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತದೆ. ಬೂಸ್ಟಾದರೆ ಹೋಗುವುದಿಲ್ಲ, ಕಾಳಿನ ಮೇಲೂ ಕಾಗದದ ಮೇಲೂ ಹಬ್ಬಿರುತ್ತದೆ, ಮುಗ್ಗಲು ವಾಸನೆಯೂ ಇರುತ್ತದೆ. ನಮ್ಮ ಜುಲೈ ಮಳೆಯಲ್ಲಿ ಎರಡೂ ಬರುತ್ತವೆ. ನಾಲ್ಕು ಲೋಟ ಇಟ್ಟರೆ ಒಂದು ಕೊಳೆತೇ ಕೊಳೆಯುತ್ತದೆ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ವಸ್ತು ಎದುರಿಗಿಲ್ಲದೆ ಪುಟ ನೋಡುವುದಿಲ್ಲ. ಭಾನುವಾರ ಮನೆಯಲ್ಲಿ ಕೂತು ನೋಡುವುದು ಅಲ್ಲಿಗೆ ನಿಂತಿತು. ಆಮೇಲೆ ಆರು ಸಾಲನ್ನು ಕಡಿದು ಮೂರು ಪ್ರಶ್ನೆ ಮಾಡಿದೆ. ಪ್ರತಿಯೊಂದಕ್ಕೂ ಸೊನ್ನೆ, ಒಂದು, ಎರಡು. ಅಷ್ಟೇ.

ಮೊದಲನೆಯದು: ನೋಡಿ ಬಿಡಿಸಿದೆಯಾ? ವಸ್ತು ನೋಡದೆಯೂ ಬಿಡಿಸಬಹುದಾದ ಚಿತ್ರವಾದರೆ ಸೊನ್ನೆ. ಇವತ್ತು ಈ ಲೋಟದಲ್ಲಿ ಮಾತ್ರ ಇರುವ ಒಂದು ವಿವರ ಸಿಕ್ಕರೆ ಒಂದು. ಅಂಥ ಎರಡು ವಿವರ ಸಿಕ್ಕರೆ, ಇಲ್ಲವೇ ಹಿಂದಿನ ಪುಟಕ್ಕಿಂತ ಬದಲಾದದ್ದು ಕಂಡರೆ ಎರಡು. ಬಣ್ಣ, ಅಂದ, ಗೆರೆ ನೇರ ಇದೆಯೋ ಇಲ್ಲವೋ, ಯಾವುದನ್ನೂ ನೋಡುವುದಿಲ್ಲ.

ಎರಡನೆಯದು: ಹೆಸರು ಸರಿಯಾದ ಜಾಗಕ್ಕೆ ತಾಗಿದೆಯಾ? ಹೆಸರೇ ಇಲ್ಲದಿದ್ದರೆ ಸೊನ್ನೆ. ಹೆಸರಿದೆ, ಆದರೆ ಯಾವ ಭಾಗದ್ದೆಂದು ಗೆರೆ ತೋರಿಸುವುದಿಲ್ಲ ಎಂದರೆ ಒಂದು. ಗೆರೆ ಭಾಗವನ್ನು ಮುಟ್ಟಿದ್ದು, ಮೊದಲ ಅಕ್ಷರದ ಸದ್ದು ಹೊಂದಿದರೆ ಎರಡು. ಇಲ್ಲಿ ನಾನು ಬಹಳ ತಪ್ಪು ಮಾಡಿದ್ದೆ. ಐದು ವರ್ಷದ ಮಗು "ಬೇರು" ಎಂದು ಬರೆಯುವುದಿಲ್ಲ. "ಬರ" ಎಂದೋ, ಬರೀ "ಬ" ಎಂದೋ ಬರೆಯುತ್ತದೆ. "ಎಲೆ" ಹೋಗಿ "ಎಲ", "ಕಾಳು" ಹೋಗಿ "ಕಳ". ಕಾಗುಣಿತ ಇನ್ನೂ ಕೂತಿರುವುದಿಲ್ಲ, ಆದರೆ ವ್ಯಂಜನ ಸರಿಯಾಗಿರುತ್ತದೆ. ಅದನ್ನು ಕೆಂಪು ಪೆನ್ನಿನಿಂದ ತಿದ್ದಿದ್ದರಿಂದ ಕೆಲವು ಮಕ್ಕಳು ಹೆಸರು ಹಾಕುವುದನ್ನೇ ಬಿಟ್ಟಿದ್ದರು. ಈಗ ಎಲೆಗೆ "ಪಾನ್", ಏಡಿಗೆ "ಕುರ್ಲಿ" ಎಂದು ಕೊಂಕಣಿಯಲ್ಲಿ ಬರೆದರೂ ಪೂರ್ತಿ ಎರಡು ಕೊಡುತ್ತೇನೆ. ಎಲೆ ಯಾವುದು ಎಂದು ಮಗುವಿಗೆ ಗೊತ್ತಿದೆ ಅಲ್ವಾ?

ಮೂರನೆಯದು: ಬಾಯಲ್ಲಿ ಏನು ಹೇಳಿತು? ಪುಟ ಹಿಡಿದು "ಇದರ ಬಗ್ಗೆ ಹೇಳು" ಎನ್ನುತ್ತೇನೆ. "ಇದು ಗಿಡವಾ?" ಎಂದು ಕೇಳಬಾರದು, ಹೌದು ಎಂದುಬಿಡುತ್ತವೆ. ಬರೀ ಹೆಸರು ಹೇಳಿದರೆ ಸೊನ್ನೆ. ಕಂಡದ್ದೊಂದನ್ನು ಹೇಳಿದರೆ ಒಂದು. ಮೊನ್ನೆಗೂ ಇವತ್ತಿಗೂ ಹೋಲಿಸಿದರೆ, ಯಾಕೆ ಹೀಗಾಯಿತು ಎಂದು ಹೇಳಿದರೆ, ತಾನೇ ಪ್ರಶ್ನೆ ಕೇಳಿದರೆ ಎರಡು. ಹೇಳಿದ್ದನ್ನು ಪುಟದ ಕೆಳಗೆ ಹಾಗೆಹಾಗೇ ಬರೆಯುತ್ತೇನೆ, ತಿದ್ದುವುದಿಲ್ಲ. ಮಾತಾಡದ ಮಕ್ಕಳನ್ನು ಮಾತಾಡಿಸಲು ನನ್ನದು ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ನಾಲ್ಕನೇ ದಿನದ ಎರಡು ಪುಟ ಹೇಳುತ್ತೇನೆ. ಒಂದರಲ್ಲಿ ಹಸಿರು ಕಾಂಡ, ಐದು ದಳದ ಹೂವು, ಚಿಟ್ಟೆ, ಮೇಲೆ ಸುಂದರವಾಗಿ "ಗಿಡ" ಎಂದು ಬರೆದಿದೆ. ಗೆರೆ ಇಲ್ಲ. ಕೇಳಿದರೆ "ಗಿಡ" ಎಂದಳು, ಆಮೇಲೆ "ನಂದು ದೊಡ್ಡದಾಗಿದೆ, ಮೊನ್ನೆ ಸಣ್ಣ ಇತ್ತು" ಎಂದಳು. ಅಂಕ 0-1-2. ಇನ್ನೊಂದರಲ್ಲಿ ಪೆನ್ಸಿಲ್ಲಿನ ಒಂದು ಬಗ್ಗಿದ ಗೆರೆ, ಛತ್ರಿಯ ಹಿಡಿಯ ಹಾಗೆ. ತುದಿಯಲ್ಲಿ ಸಣ್ಣ ಟೊಪ್ಪಿ. ಕೆಳಗೆ "ಬ" ಎಂದು ಬರೆದು ಬೇರಿಗೆ ಗೆರೆ ಎಳೆದಿದ್ದಾನೆ. ಲೋಟದಲ್ಲೂ ಹಾಗೇ ಇತ್ತು. ಹೆಸರಿನ ಮೊಳಕೆ ಬಗ್ಗಿಕೊಂಡೇ ಮೇಲೆ ಬರುತ್ತದೆ, ಸಿಪ್ಪೆ ತಲೆಗೆ ಅಂಟಿಕೊಂಡಿರುತ್ತದೆ. ಅವನು ಬಾಯಿ ಮಾತ್ರ ಬಿಡಲಿಲ್ಲ. ಅಂಕ 2-2-0.

ಈ ಅಂಕಗಳನ್ನು ಕೂಡಿಸಬೇಡಿ. ಕೂಡಿಸಿದರೆ ಅವಳಿಗೆ ಮೂರು, ಇವನಿಗೆ ನಾಲ್ಕು, ಅದರಿಂದ ಏನೂ ತಿಳಿಯುವುದಿಲ್ಲ. ಫೋನ್ ನಂಬರಿನ ಹಾಗೆ ಬಿಡಿಬಿಡಿಯಾಗಿ ಓದಿ. ಅವಳಿಗೆ ಬದಲಾವಣೆ ಕಂಡಿದೆ, ಕೈ ಮಾತ್ರ ರೂಢಿಯ ಹೂವಿಗೇ ಹೋಗುತ್ತದೆ. ಮರುವಾರ ಅವಳಿಗೆ ಬಣ್ಣ ಕೊಡದೆ ಬರೀ ಪೆನ್ಸಿಲ್ ಕೊಟ್ಟೆ. ರಟ್ಟಿನಲ್ಲಿ ಎಂಟಾಣೆಯಷ್ಟು ತೂತು ಮಾಡಿ ಅದರಿಂದ ಮೊಳಕೆ ನೋಡಲು ಹೇಳಿದೆ. ಮೊದಲ ಅಂಕ ಎರಡಕ್ಕೆ ಏರಿತು. ಅವನ ಜೊತೆ ಗುಂಪಿನಲ್ಲಿ ಮಾತಾಡದೆ ಒಬ್ಬನನ್ನೇ ಕರೆದು ಕೂರಿಸಿಕೊಂಡೆ. ಅವನದು ನಿಧಾನವಾಗಿ, ಮೂರ್ನಾಲ್ಕು ವಾರದಲ್ಲಿ ಒಂದಕ್ಕೆ ಬಂತು.

ಅಂಕ ಮಕ್ಕಳ ಪುಸ್ತಕದಲ್ಲಿ ಬರೆಯುವುದಿಲ್ಲ. 40 ರೂಪಾಯಿಯ ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಸಾಲು, ವಾರಕ್ಕೊಂದು ಕಾಲಂ. ವರ್ಷದ ಖರ್ಚು ಅಷ್ಟೇ. ಒಂದು ಪುಟಕ್ಕೆ ಈಗ ಒಂದೂವರೆ ನಿಮಿಷ ಸಾಕು. ದಿನಕ್ಕೆ ಆರೇಳು ಮಕ್ಕಳಂತೆ ವಾರದಲ್ಲಿ ಮುಗಿಯುತ್ತದೆ. "ಇಷ್ಟು ಸಣ್ಣವರಿಗೆ ಅಂಕ ಯಾಕೆ?" ಎಂದು ಕೇಳಿದವರಿಗೆ ಆ ನೋಟ್‌ಬುಕ್ ತೋರಿಸುತ್ತೇನೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿಗೆ ಪರೀಕ್ಷೆ ಬೇಡ, ಮಗುವನ್ನು ಗಮನಿಸಿ, ಅದು ಮಾಡಿದ ಕೆಲಸ ನೋಡಿ ಎಂದೇ ಹೇಳುತ್ತದೆ.

ಎಲ್ಲ ಪಾಠಕ್ಕೂ ಇದು ಬರುವುದಿಲ್ಲ. ಮುಳುಗುವುದು–ತೇಲುವುದು ಮಾಡಿಸಿದಾಗ ಎರಡನೇ ಪ್ರಶ್ನೆಗೆ ಅರ್ಥವೇ ಇರಲಿಲ್ಲ, ಕಲ್ಲಿಗೆ ಯಾವ ಭಾಗದ ಹೆಸರು ಹಾಕುವುದು? ಜೀವಂತ ಏಡಿ ತಂದಾಗ ಅದು ಬುಟ್ಟಿ ತುಂಬ ಓಡಾಡಿತು. ಕೊಂಬು ಸೇರಿ ಹತ್ತು ಕಾಲು, ಮಕ್ಕಳು ಆರರಿಂದ ಹದಿನೈದರವರೆಗೂ ಬಿಡಿಸಿದರು. ಓಡುವುದರ ಕಾಲು ಎಣಿಸಲು ದೊಡ್ಡವರಿಗೂ ಆಗುವುದಿಲ್ಲ. ಈಗ ಕದಲದ ವಸ್ತು, ಮೂರಕ್ಕೆ ಕಡಿಮೆ ಇಲ್ಲದಷ್ಟು ಭಾಗ, ಇವೆರಡೂ ಇದ್ದರೆ ಮಾತ್ರ ಈ ಪಟ್ಟಿ ಹಿಡಿಯುತ್ತೇನೆ. ಸಮುದ್ರದ ಮರಳಿನಲ್ಲೂ ಹೆಸರುಕಾಳು ಹಾಕಿ ನೋಡಿದೆ. ತೊಳೆಯದ ಮರಳಿನಲ್ಲಿ ಒಂದೂ ಹುಟ್ಟಲಿಲ್ಲ. ಐದಾರು ಸಲ ಸಿಹಿನೀರಿನಲ್ಲಿ ತೊಳೆದ ಮರಳಿನಲ್ಲಿ ಹುಟ್ಟಿತು. ಅದು ಬೇರೆಯೇ ಪಾಠವಾಯಿತು, ಇನ್ನೊಮ್ಮೆ ಬರೆಯುತ್ತೇನೆ.

ಈ ಸಲ ಆಗಸ್ಟಿನಲ್ಲಿ ಎರಡು ಲೋಟ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಕಡಲೆ, ಎರಡಕ್ಕೂ ಗೋಡೆಗೆ ಒತ್ತಿ ಮಣ್ಣು. ಹೆಸರಿನ ಬೇಳೆ ಮಣ್ಣಿನಿಂದ ಮೇಲೆ ಏಳುತ್ತದೆ, ಕಡಲೆಯದು ಒಳಗೇ ಉಳಿಯುತ್ತದೆ. ಇದನ್ನು ನಾನು ಹೇಳಲಿಲ್ಲ. ಎಂಟನೇ ದಿನ ಬೇರುರೋಮದ ಹುಡುಗನ ತಂಗಿ, ಈ ವರ್ಷ ನನ್ನ ತರಗತಿಯಲ್ಲೇ ಇದ್ದಾಳೆ, ಪುಟ ತಂದಳು. ಮಣ್ಣಿಗೆ ಒಂದು ಅಡ್ಡಗೆರೆ. ಒಂದು ಗಿಡದಲ್ಲಿ "ಕಳ" ಗೆರೆಯ ಮೇಲೆ, ಇನ್ನೊಂದರಲ್ಲಿ "ಕಳ" ಗೆರೆಯ ಕೆಳಗೆ. "ಇದು ಮೇಲೆ ಬಂತು, ಕಡ್ಲೆ ಒಳಗೇ ಕೂತ್ಕಂಡದೆ. ಅದಕ್ಕೆ ಹೆದ್ರಿಕೆಯಾ ಅಕ್ಕೋರೇ?" ಎಂದಳು. ಅದನ್ನು ಹಾಗೇ ಪುಟದ ಕೆಳಗೆ ಬರೆದುಕೊಂಡು, ನನ್ನ ನೋಟ್‌ಬುಕ್ಕಿನಲ್ಲಿ ಈ ವರ್ಷದ ಮೊದಲ 2-2-2 ಹಾಕಿದೆ.