ಕೈತಪ್ಪಿದ ಕೊಟೇಶನ್‌ಗಳನ್ನು ಮತ್ತೆ ತೆಗೆದು ಓದಿದೆವು

ದಾವಣಗೆರೆ ಸುತ್ತಮುತ್ತ ಮನೆಗಳ ಮೇಲೆ ಸೋಲಾರ್ ಹಾಕಿಕೊಡುವುದು ನಮ್ಮ ಕೆಲಸ. 2024ರ ಫೆಬ್ರವರಿಯಲ್ಲಿ ಮನೆ ಸೋಲಾರ್‌ಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ವಿಚಾರಿಸುವವರು ಹೆಚ್ಚಾದರು. ಕೊಟೇಶನ್ ಕೊಡುವವರು ಅವರಿಗಿಂತ ಹೆಚ್ಚಾದರು. ನಾವು ನಾಲ್ಕು ಕೊಟೇಶನ್ ಕೊಟ್ಟರೆ ಒಂದು ಆರ್ಡರ್ ಆಗುತ್ತಿತ್ತು. ಉಳಿದ ಮೂರು ಏಕೆ ಹೋದವು ಅಂತ ಕೇಳಿದರೆ ನಮ್ಮ ಹುಡುಗರ ಉತ್ತರ ಒಂದೇ: "ರೇಟು ಜಾಸ್ತಿ ಆಯ್ತಂತೆ ಸಾರ್."

ಗಿರಾಕಿ ಹಾಗೆ ಹೇಳುವುದು ಸಹಜ. ಮನಸ್ಸಿಗೆ ನೋವಾಗದಂತೆ ಬೇಡ ಅನ್ನಲು ಅದೇ ಸುಲಭದ ಮಾತು. ಹಾಗಾಗಿ ಒಂದು ವರ್ಷದ ಕೊಟೇಶನ್‌ಗಳನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಹಾಕಿದೆ. ಸೋತವನ್ನು ಮಾತ್ರ ಅಲ್ಲ, ಗೆದ್ದವನ್ನೂ. ಮನೆ ನೋಡಿದ ದಿನ, ಕೊಟೇಶನ್ ಕಳಿಸಿದ ದಿನ, ಎಷ್ಟು ಕಿಲೋವ್ಯಾಟ್, ಪ್ಯಾನೆಲ್ ಕೂರಿಸುವ ಸ್ಟ್ರಕ್ಚರ್ ಎತ್ತರ, ತೆರಿಗೆ ಸೇರಿ ಒಟ್ಟು ಬೆಲೆ, ತಿಂಗಳ ಕರೆಂಟ್ ಯೂನಿಟ್, ಕೊನೆಗೆ ಕೆಲಸ ಯಾರಿಗೆ ಹೋಯಿತು. ಈ ಕೊನೆಯ ಕಾಲಂ ತುಂಬುವುದೇ ಕಷ್ಟದ ಕೆಲಸ. ಆದರೆ ನಮ್ಮ ವ್ಯಾಪಾರಕ್ಕೆ ಒಂದು ಅನುಕೂಲ ಇದೆ: ಬೇರೆಯವರು ಹಾಕಿದ್ದರೆ ರಸ್ತೆಯಿಂದಲೇ ಕಾಣುತ್ತದೆ.

ಹೋಗಿ ನೋಡಿದರೆ ಸೋತ ಮನೆಗಳಲ್ಲಿ ಸುಮಾರು ಅರ್ಧದಷ್ಟರ ಮೇಲೆ ಪ್ಯಾನೆಲ್ಲೇ ಇರಲಿಲ್ಲ. ಅವರು ಬೇರೆಯವರಿಗೆ ಕೊಟ್ಟಿರಲಿಲ್ಲ, ಮಾಡಿಸುವುದನ್ನೇ ಬಿಟ್ಟಿದ್ದರು. ಯೂನಿಟ್ ಕಾಲಂ ನೋಡಿದಾಗ ಕಾರಣ ಗೊತ್ತಾಯಿತು. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ ಇರುವ ಎಷ್ಟೋ ಮನೆಗಳಿಗೆ ಬಿಲ್ ಸೊನ್ನೆ ಬರುತ್ತದೆ. ಅಂಥವರಿಗೆ "ನಿಮ್ಮ ಬಿಲ್ ಸೊನ್ನೆ ಮಾಡುತ್ತೇವೆ" ಅಂತ ಬರೆದು ಕಳಿಸಿದರೆ ಏನು ಪ್ರಯೋಜನ? ಇಂಥ ಮನೆಗಳನ್ನು ಬೇರೆ ಹಾಳೆಗೆ ಹಾಕಿದೆ. ಅವು ಬೆಲೆಯ ಲೆಕ್ಕದೊಳಗೆ ಇದ್ದರೆ, ಇಪ್ಪತ್ತು ಸಾವಿರ ಇಳಿಸಿದ್ದರೆ ಆರ್ಡರ್ ಬರುತ್ತಿತ್ತು ಅನ್ನುವ ಭ್ರಮೆ ಹುಟ್ಟುತ್ತದೆ. ಪುಕ್ಕಟೆ ಕರೆಂಟಿನ ಎದುರು ಇಪ್ಪತ್ತು ಸಾವಿರ ಯಾವ ಲೆಕ್ಕ?

ಉಳಿದದ್ದು ನಿಜವಾಗಿ ಇನ್ನೊಬ್ಬರಿಗೆ ಹೋದ ಮನೆಗಳು. ಇವರಿಗೆ ಕೆಲಸ ಮುಗಿದು ಒಂದೆರಡು ತಿಂಗಳಾದ ಮೇಲೆ ಫೋನ್ ಮಾಡಿದೆ. "ನಮಗೆ ಯಾಕೆ ಕೊಡಲಿಲ್ಲ" ಅಂತ ಕೇಳಲಿಲ್ಲ, ಕೇಳಿದರೆ ಮತ್ತದೇ ರೇಟಿನ ಮಾತು. "ನೆಟ್ ಮೀಟರ್ ಬಂತಾ? ಸಬ್ಸಿಡಿ ಅಕೌಂಟಿಗೆ ಬಿತ್ತಾ?" ಅಂತ ಕೇಳಿದೆ. ಆಗ ಜನ ಮಾತಾಡುತ್ತಾರೆ. ಕೆಲವರು ಆ ಇನ್ನೊಂದು ಕೊಟೇಶನ್ನನ್ನೇ ವಾಟ್ಸಾಪ್ ಮಾಡಿದರು.

ಅವುಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. 540 ವ್ಯಾಟಿನ ಆರು ಪ್ಯಾನೆಲ್, ಅಂದರೆ 3.24 ಕಿಲೋವ್ಯಾಟ್. ಸಬ್ಸಿಡಿ ಬೇಕಾದ್ದರಿಂದ ಇಬ್ಬರದೂ ದೇಶದಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್. ನಮ್ಮದು 2,16,000. ಅವರದು 1,68,000. ನೋಡಿದವರಿಗೆ 48 ಸಾವಿರ ವ್ಯತ್ಯಾಸ. ಆದರೆ ಅವರ ಎರಡನೇ ಪುಟದಲ್ಲಿ ಜಿಎಸ್‌ಟಿ ಪ್ರತ್ಯೇಕ. ಸೋಲಾರ್ ಕೆಲಸದಲ್ಲಿ ಒಟ್ಟು ಬೆಲೆಯ 70 ಭಾಗವನ್ನು ಸಾಮಾನು ಅಂತ ಹಿಡಿದು ಶೇ 5, 30 ಭಾಗವನ್ನು ಸೇವೆ ಅಂತ ಹಿಡಿದು ಶೇ 18 ಹಾಕುತ್ತಾರೆ. ಕೂಡಿದರೆ ಶೇ 8.9. ಅಲ್ಲಿಗೆ ಅವರದು 1,82,952 ಆಯಿತು. ನೆಟ್ ಮೀಟರ್ ಖರ್ಚೂ ಪ್ರತ್ಯೇಕ, ಆ ಮನೆಗೆ ಸುಮಾರು ಆರು ಸಾವಿರ ಬಿದ್ದಿತ್ತು. ಇನ್ನು ನಮ್ಮದು ಎಂಟು ಅಡಿ ಎತ್ತರದ ಸ್ಟ್ರಕ್ಚರ್, ಅವರದು ತಾರಸಿಗೆ ಅಂಟಿಕೊಂಡ ಹಾಗಿರುವ ಗಿಡ್ಡ ಸ್ಟ್ರಕ್ಚರ್. ನಮ್ಮ ಫ್ಯಾಬ್ರಿಕೇಟರ್ ಲೆಕ್ಕದಲ್ಲಿ ಅದರ ವ್ಯತ್ಯಾಸವೇ 22 ಸಾವಿರ. ಎಲ್ಲ ಸೇರಿಸಿದರೆ ಅವರದು 2,10,952. ನಿಜವಾದ ಅಂತರ ಐದು ಸಾವಿರ.

ಹೀಗೆ ಸಮ ಮಾಡಿ ನೋಡಿದ ಮೇಲೆ ಬಹಳಷ್ಟು ಕಡೆ ನಾವು ದುಬಾರಿಯೇ ಅಲ್ಲ. ನಾವು ಸೋಲುತ್ತಿದ್ದ ಜಾಗ ಸ್ಟ್ರಕ್ಚರ್. ಕೇಳದೆ ಎಲ್ಲರಿಗೂ ಎತ್ತರದ್ದೇ ಹಾಕಿ ಕೊಡುತ್ತಿದ್ದೆವು. ಬಟ್ಟೆ ಒಣಗಿಸಲು, ಸಂಡಿಗೆ ಹಾಕಲು ತಾರಸಿ ಬೇಕು ಅನ್ನುವ ಮನೆಯವರು ಅದಕ್ಕೆ ಖುಷಿಯಿಂದ ದುಡ್ಡು ಕೊಡುತ್ತಾರೆ. ಮೇಲೆ ಹತ್ತುವುದೇ ಇಲ್ಲ ಅನ್ನುವವರಿಗೆ ಅದು ಬರೀ ದಂಡ. ಈಗ ಮನೆ ನೋಡಲು ಹೋದಾಗ ಮನೆಯ ಹೆಂಗಸರನ್ನೂ ಕೇಳುತ್ತೇವೆ, ಎರಡೂ ಬೆಲೆ ಅಕ್ಕಪಕ್ಕ ಬರೆಯುತ್ತೇವೆ.

ಸಮಯದ ವಿಷಯದಲ್ಲಿ ಎಚ್ಚರ ಬೇಕು. ಶೀಟು ನೋಡಿದರೆ ತಡವಾಗಿ ಕಳಿಸಿದ ಕೊಟೇಶನ್‌ಗಳೇ ಹೆಚ್ಚು ಸೋತಿದ್ದವು. ತಕ್ಷಣ ಕಳಿಸಿದರೆ ಗೆಲ್ಲುತ್ತೇವೆ ಅನ್ನಿಸುತ್ತದೆ, ಅಲ್ವಾ? ಆದರೆ ತಡವಾಗಿದ್ದವು ಯಾವುವು ಅಂತ ನೋಡಿದೆ. ಹೆಚ್ಚಿನವು ತಗಡಿನ ಶೀಟ್ ಮನೆ, ದೊಡ್ಡ ಮನೆ, ಫ್ಯಾಬ್ರಿಕೇಟರ್ ಹತ್ತಿರ ರೇಟು ಕೇಳಬೇಕಾದವು. ಅವು ಹೇಗಿದ್ದರೂ ಕಷ್ಟದ ಗಿರಾಕಿಗಳೇ. ಆಮೇಲೆ 3 ಕಿಲೋವ್ಯಾಟಿನ ಆರ್‌ಸಿಸಿ ಮನೆಗಳನ್ನು ಮಾತ್ರ ಬೇರೆ ತೆಗೆದು ಹೋಲಿಸಿದೆ. ವ್ಯತ್ಯಾಸ ಉಳಿಯಿತು, ಆದರೆ ಸಣ್ಣದಾಯಿತು. ಮಾರನೇ ದಿನದೊಳಗೆ ಕಳಿಸಿದ್ದಕ್ಕೂ ಮೂರನೇ ದಿನ ಕಳಿಸಿದ್ದಕ್ಕೂ ಹೇಳಿಕೊಳ್ಳುವ ಫರಕು ಇಲ್ಲ. ವಾರ ದಾಟಿದರೆ ಮಾತ್ರ ಹೊಡೆತ. ಹಾಗಾಗಿ ರಾತ್ರಿ ಕೂತು ಗಡಿಬಿಡಿಯಲ್ಲಿ ಕೊಟೇಶನ್ ಮಾಡುವುದನ್ನು ನಿಲ್ಲಿಸಿದೆವು.

ಇನ್ನು ಬರವಣಿಗೆ. ನಮ್ಮ ಕೊಟೇಶನ್ ಓದುವವರು ಯಾರು ಅಂತ ಆ ಫೋನ್‌ಗಳಲ್ಲಿ ತಿಳಿಯಿತು. ನಾವು ಮಾತಾಡುವುದು ಅಪ್ಪನ ಹತ್ತಿರ. ಪಿಡಿಎಫ್ ಹೋಗುವುದು ಬೆಂಗಳೂರಲ್ಲಿರುವ ಮಗನಿಗೋ ಮಗಳಿಗೋ. ಅವರು ನಮ್ಮನ್ನು ಕಂಡಿಲ್ಲ, ಮೊದಲ ಪುಟದ ಅಂಕಿ ನೋಡಿ ತೀರ್ಮಾನಿಸುತ್ತಾರೆ. ನಮ್ಮ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 2,16,000 ಇತ್ತು. ಸಬ್ಸಿಡಿಯ ಮಾತು ಕೊನೆಯ ಷರತ್ತುಗಳಲ್ಲಿ, "ಸರ್ಕಾರದ ನಿಯಮದಂತೆ" ಅಂತ. ಪೈಪೋಟಿಯವರು ಸಬ್ಸಿಡಿಯ 78,000 ಕಳೆದೇ ಬರೆಯುತ್ತಿದ್ದರು.

ಕಳೆದು ಬರೆಯುವುದು ನನಗೆ ಇಷ್ಟವಿಲ್ಲ. ದುಡ್ಡು ಮೊದಲು ಪೂರ್ತಿ ಕೊಡಬೇಕು, ಸಬ್ಸಿಡಿ ಆಮೇಲೆ ಮನೆಯವರ ಅಕೌಂಟಿಗೆ ಬರುತ್ತದೆ. ಅದನ್ನು ಮುಚ್ಚಿಟ್ಟರೆ ಮುಂದೆ ಜಗಳ. ಹಾಗಾಗಿ ಮೊದಲ ಪುಟದ ಮೇಲ್ಭಾಗಕ್ಕೆ ಮೂರು ಸಾಲು ತಂದೆವು: ನೀವು ನಮಗೆ ಕೊಡುವುದು 2,16,000, ಮೀಟರ್ ಹಾಕಿ ಸಬ್ಸಿಡಿ ಮಂಜೂರಾದ ಮೇಲೆ ನಿಮ್ಮ ಅಕೌಂಟಿಗೆ ಬರುವುದು 78,000, ಕೊನೆಗೆ ನಿಮಗೆ ಬೀಳುವುದು 1,38,000. ಅದರ ಕೆಳಗೆ, ಈ ಬೆಲೆಯಲ್ಲಿ ಜಿಎಸ್‌ಟಿ, ನೆಟ್ ಮೀಟರ್, ಸ್ಟ್ರಕ್ಚರ್ ಎಲ್ಲ ಸೇರಿದೆ ಅನ್ನುವ ಸಾಲು. ಸೇರದೇ ಇರುವುದಿದ್ದರೆ "ಆಕ್ಚುವಲ್ ಪ್ರಕಾರ" ಅಂತ ಬರೆಯುವುದಿಲ್ಲ. "6 ಸಾವಿರದಿಂದ 8 ಸಾವಿರ" ಅಂತ ಅಂಕಿಯನ್ನೇ ಹಾಕುತ್ತೇವೆ. ಎಷ್ಟಾಗುತ್ತದೋ ಅನ್ನುವ ಅಂಜಿಕೆ ಆ ಮೊತ್ತಕ್ಕಿಂತ ದೊಡ್ಡದು.

ಈಗ ಮೂರಕ್ಕೆ ಒಂದು ಆರ್ಡರ್ ಆಗುತ್ತಿದೆ. ಆದರೆ ಈ ಅಂಕಿಯನ್ನು ಪೂರ್ತಿ ನಂಬಬೇಡಿ. ಸೊನ್ನೆ ಬಿಲ್ಲಿನ ಮನೆಗಳಿಗೆ ಕೊಟೇಶನ್ ಕೊಡುವುದನ್ನೇ ಕಡಿಮೆ ಮಾಡಿದ್ದೇವೆ. ಕೊಟ್ಟ ಕೊಟೇಶನ್‌ಗಳ ಸಂಖ್ಯೆ ಇಳಿದರೆ ಗೆಲುವಿನ ಪ್ರಮಾಣ ತಾನಾಗಿ ಏರುತ್ತದೆ. ಅದಕ್ಕೇ 200 ಯೂನಿಟ್ ದಾಟುವ ಮನೆಗಳ ಲೆಕ್ಕವನ್ನು ಮಾತ್ರ ಹಿಂದಿನ ವರ್ಷದ ಅಂಥದ್ದೇ ಮನೆಗಳ ಜೊತೆ ಹೋಲಿಸುತ್ತೇನೆ. ಅಲ್ಲಿಯೂ ಏರಿದೆ, ಆದರೆ ಇಷ್ಟಲ್ಲ. ಬೆಲೆ ಎರಡು ಬಗೆಯಲ್ಲಿ ಬರೆದದ್ದರಿಂದಲೋ ಮೂರು ಸಾಲಿನಿಂದಲೋ ಅಂತ ಬೇರ್ಪಡಿಸಲು ಆಗುವುದಿಲ್ಲ, ಎರಡನ್ನೂ ಒಂದೇ ತಿಂಗಳು ಶುರು ಮಾಡಿದ್ದೆವು. ಮುಂದಿನ ಬದಲಾವಣೆ ಕಂತಿನ ಸಾಲದ ವಿವರವನ್ನು ಮೊದಲ ಪುಟಕ್ಕೆ ತರುವುದು. ಅದೊಂದನ್ನೇ ಮಾಡಿ, ಮಳೆಗಾಲ ಕಳೆಯುವ ತನಕ ಬೇರೇನೂ ಮುಟ್ಟುವುದಿಲ್ಲ.