ಹೆಚ್ಚು ಬಿಲ್ ಹೋದ ಮೇಲೆ ಬರೆಯುವ ಕ್ಷಮಾಪಣೆ ಮೇಲ್

ಬೈಕಂಪಾಡಿ ಕಡೆಯ ಕಾರ್ಖಾನೆಗಳಿಗೆ ಯಂತ್ರ ಸರ್ವಿಸ್ ಮಾಡಿಕೊಡುವ ನಮ್ಮಂಥ ಕಚೇರಿಗಳಲ್ಲಿ ಬಿಲ್ ತಪ್ಪುವುದು ದರದಲ್ಲಿ ಕಡಿಮೆ, ಎಣಿಕೆಯಲ್ಲಿ ಹೆಚ್ಚು. ಒಂದು ಗೇರುಬೀಜ ಕಾರ್ಖಾನೆಗೆ ಆಗಸ್ಟಿನಲ್ಲಿ ಹೋದ ಬಿಲ್ ಅಂಥದ್ದೇ. ಕಂಪ್ರೆಸರ್ ಸರ್ವಿಸಿಗೆ ಭೇಟಿಯೊಂದಕ್ಕೆ 8,500 ರೂಪಾಯಿ. ಮೂರನೆಯ ಭೇಟಿ ವಾರಂಟಿಯಲ್ಲಿ ಮಾಡಿದ್ದು, ಅದಕ್ಕೆ ದುಡ್ಡು ಹಾಕುವಂತಿರಲಿಲ್ಲ. ಸರ್ವಿಸ್ ಹಾಳೆಯಲ್ಲಿ ಭೇಟಿಯ ತಾರೀಕು ಮಾತ್ರ ನೋಡಿ ಮೂರಕ್ಕೂ ಬಿಲ್ ಆಗಿತ್ತು. ಕಾರ್ಖಾನೆಯವರು ಪೂರ್ತಿ ಮೊತ್ತ ಕೊಟ್ಟೂ ಆಗಿತ್ತು.

ಮೇಲ್ ಬರೆಯುವ ಮೊದಲು ಅದೇ ಗ್ರಾಹಕರ ಹಿಂದಿನ ಬಿಲ್ಲುಗಳನ್ನು ಸರ್ವಿಸ್ ಹಾಳೆಯ ಜೊತೆ ತಾಳೆ ಹಾಕುತ್ತೇನೆ. ಕ್ಷಮೆ ಕೇಳಿದ ಮರುವಾರ ಇನ್ನೊಂದು ತಪ್ಪು ಸಿಕ್ಕಿದರೆ ಮೊದಲ ಮೇಲಿಗೆ ಬೆಲೆ ಇರುವುದಿಲ್ಲ. ಆಮೇಲೆ ಬ್ಯಾಂಕಿಗೆ ನಿಜವಾಗಿ ಬಂದದ್ದೆಷ್ಟು ಎಂದು ನೋಡುತ್ತೇನೆ. ಅವರು ಟಿಡಿಎಸ್ ಹಿಡಿದು ಕೊಟ್ಟಿದ್ದರೆ ಹಿಂದಿರುಗಿಸುವ ಲೆಕ್ಕವೇ ಬೇರೆ. ಇಲ್ಲಿ ಹಿಡಿದಿರಲಿಲ್ಲ.

ನಂತರ ಒಂದು ಫೋನು. ಅಲ್ಲಿ ಮಾತು ತುಳುವಿನಲ್ಲೇ ಮುಗಿಯುತ್ತದೆ, ‘ಪರವಾಗಿಲ್ಲ ಮಾರಾಯ್ರೆ’ ಎಂಬ ಉತ್ತರವೂ ಬರುತ್ತದೆ. ಆದರೆ ಅವರ ಅಕೌಂಟೆಂಟಿಗೆ ಬೇಕಾದದ್ದು ಕಾಗದ. ಹಾಗಾಗಿ ಅದೇ ದಿನ ಮೇಲ್ ಹೋಗಬೇಕು, ಅಕೌಂಟೆಂಟಿಗೂ ಮಾಲೀಕರಿಗೂ ಒಟ್ಟಿಗೆ. ಹೋದದ್ದು ಇದು:

> ವಿಷಯ: ಬಿಲ್ 214ರಲ್ಲಿ ₹10,030 ಹೆಚ್ಚಾಗಿದೆ, ಸೆಪ್ಟೆಂಬರ್ 18ರೊಳಗೆ ಹಿಂದಿರುಗಿಸುತ್ತೇವೆ
>
> ಮಾನ್ಯರೇ,
>
> ಆಗಸ್ಟ್ 30ರ ನಮ್ಮ ಬಿಲ್ 214ರಲ್ಲಿ ಎರಡು ಸರ್ವಿಸ್ ಭೇಟಿಗಳ ಬದಲು ಮೂರಕ್ಕೆ ದರ ಹಾಕಿದ್ದೇವೆ. ಮೂರನೆಯದು ವಾರಂಟಿಯ ಭೇಟಿ. ಅದನ್ನು ಪರಿಶೀಲಿಸದೆ ಸೇರಿಸಿದ್ದು ನಮ್ಮ ತಪ್ಪು. ದಯವಿಟ್ಟು ಕ್ಷಮಿಸಿ.
>
> ಹಾಕಿದ ಮೊತ್ತ: 25,500 + ಜಿಎಸ್‌ಟಿ 4,590 = ₹30,090
> ಸರಿಯಾದ ಮೊತ್ತ: 17,000 + ಜಿಎಸ್‌ಟಿ 3,060 = ₹20,060
> ನಿಮಗೆ ಬರಬೇಕಾದದ್ದು: 8,500 + ಜಿಎಸ್‌ಟಿ 1,530 = ₹10,030
>
> ಇಂದಿನ ತಾರೀಕಿನ (ಸೆಪ್ಟೆಂಬರ್ 16) ಕ್ರೆಡಿಟ್ ನೋಟ್ 9 ಲಗತ್ತಿಸಿದ್ದೇವೆ. ಹಣ 18ರೊಳಗೆ ನಿಮ್ಮ ಖಾತೆಗೆ ಬರುತ್ತದೆ. ಮುಂದಿನ ಬಿಲ್ಲಿನಲ್ಲಿ ವಜಾ ಮಾಡುವುದೇ ಅನುಕೂಲ ಎಂದಾದರೆ ನಾಳೆ ಸಂಜೆಯೊಳಗೆ ತಿಳಿಸಿ.
>
> ಕ್ರೆಡಿಟ್ ನೋಟ್ ಸೆಪ್ಟೆಂಬರಿನ ನಮ್ಮ ಜಿಎಸ್‌ಟಿಆರ್-1ರಲ್ಲಿ ಹೋಗುತ್ತದೆ. ₹1,530 ಇನ್‌ಪುಟ್ ತೆಗೆದುಕೊಂಡಿದ್ದರೆ ದಯವಿಟ್ಟು ರಿವರ್ಸ್ ಮಾಡಿ, ಈ ಮೇಲಿಗೇ ಉತ್ತರವಾಗಿ ತಿಳಿಸಿ.
>
> ಜುಲೈವರೆಗಿನ ನಿಮ್ಮ ಹಿಂದಿನ ಬಿಲ್ಲುಗಳನ್ನೂ ನೋಡಿದ್ದೇವೆ, ಅವು ಸರಿಯಿವೆ.

ಬಿಲ್ಲನ್ನೇ ತಿದ್ದಿ ಅದೇ ಸಂಖ್ಯೆಯಲ್ಲಿ ಮತ್ತೆ ಕಳಿಸಿದರಾಗದೇ ಎಂದು ಹೊಸಬರು ಕೇಳುವುದುಂಟು. ಆಗಸ್ಟಿನ ಜಿಎಸ್‌ಟಿಆರ್-1 ಸೆಪ್ಟೆಂಬರ್ 11ಕ್ಕೆ ಹೋಗಿಬಿಟ್ಟಿದೆ. ಹಳೆಯ ಮೊತ್ತ ಅವರ 2ಬಿಯಲ್ಲಿ, ಅಂದರೆ ಅವರಿಗೆ ಸಿಗುವ ಇನ್‌ಪುಟ್ ತೆರಿಗೆಯನ್ನು ಜಿಎಸ್‌ಟಿ ಪೋರ್ಟಲ್ ತೋರಿಸುವ ಪಟ್ಟಿಯಲ್ಲಿ, ಕಾಣುತ್ತಿದೆ; ತಿದ್ದಿ ಕಳಿಸಿದರೆ ಕೈಯಲ್ಲಿರುವ ಬಿಲ್ಲಿನಲ್ಲಿ ಬೇರೆ ಮೊತ್ತ ಇರುತ್ತದೆ. ತಾಳೆಯಾಗದೆ ಅವರ ಲೆಕ್ಕ ಸಿಕ್ಕಿಬೀಳುತ್ತದೆ. ತೆರಿಗೆ ಹೆಚ್ಚು ಹಾಕಿದ್ದಕ್ಕೆ ಸಿಜಿಎಸ್‌ಟಿ ಕಾಯಿದೆಯ 34ನೇ ಸೆಕ್ಷನ್ ಕೊಟ್ಟ ದಾರಿ ಕ್ರೆಡಿಟ್ ನೋಟ್. ಅದರ ಮೇಲೆ ಮೂಲ ಬಿಲ್ಲಿನ ಸಂಖ್ಯೆ, ತಾರೀಕು ಎರಡೂ ಇರಬೇಕು. ಅಕ್ಟೋಬರ್ 11ರೊಳಗೆ ನಮ್ಮ ರಿಟರ್ನ್ ಹೋದರೆ 14ರ ಸುಮಾರಿಗೆ ಅವರ 2ಬಿಯಲ್ಲಿ ಬರುತ್ತದೆ. ಅಕೌಂಟೆಂಟ್ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಇದೇ.

ಇನ್‌ಪುಟ್ ರಿವರ್ಸ್ ಮಾಡಿದ್ದೇವೆ ಎಂಬ ಉತ್ತರ ಕೇಳುವುದು ಬರೀ ಮರ್ಯಾದೆಗಲ್ಲ. ಅವರು ಇನ್‌ಪುಟ್ ತೆಗೆದುಕೊಂಡು ಹಾಗೇ ಇಟ್ಟುಕೊಂಡರೆ ನಾವು ನಮ್ಮ ತೆರಿಗೆ ಕಡಿಮೆ ಮಾಡಿಕೊಳ್ಳುವಂತಿಲ್ಲ. ಉತ್ತರ ಫೈಲಿನಲ್ಲಿ ಇರಲಿ.

ಕ್ಷಮೆಯ ಸಾಲು ಒಂದೇ ಸಾಕು. ‘ತೊಂದರೆಯಾಗಿದ್ದಲ್ಲಿ’ ಎಂದು ಬರೆದರೆ ಆಗಿದೆಯೋ ಇಲ್ಲವೋ ಎಂಬ ಅನುಮಾನವನ್ನು ನಾವೇ ಹುಟ್ಟಿಸಿದಂತೆ. ಅವರ ಹಣ ನಮ್ಮಲ್ಲಿ ಇದ್ದದ್ದಂತೂ ನಿಜ. ‘ಸಾಫ್ಟ್‌ವೇರ್ ತೊಂದರೆ’ ಎಂದೂ ಬೇಡ, ಸರ್ವಿಸಿಗೆ ಹೋದ ಹುಡುಗನ ಹೆಸರೂ ಬೇಡ. ಅವನು ನಾಳೆ ಅದೇ ಕಾರ್ಖಾನೆಯ ಗೇಟಿನಲ್ಲಿ ನಿಲ್ಲಬೇಕಾದವನು. ಕಾರಣ ಒಂದು ವಾಕ್ಯದಲ್ಲಿ ಮುಗಿಯಲಿ, ಲೆಕ್ಕಕ್ಕೆ ಎಷ್ಟು ಸಾಲು ಬೇಕಾದರೂ ಹೋಗಲಿ.

ತಪ್ಪು ಇನ್ನೊಂದು ಬದಿಗೆ ಆಗಿ ನಮಗೇ ಕಡಿಮೆ ಬಂದಿದ್ದರೆ ಕಳಿಸಬೇಕಾದದ್ದು ಡೆಬಿಟ್ ನೋಟ್. ಅದನ್ನು ಕ್ಷಮಾಪಣೆಯ ಮೇಲಿಗೆ ಲಗತ್ತಿಸುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಮಾತಾಡಿ, ಅವರು ಒಪ್ಪಿದ ಮೇಲೆ ಬೇರೆಯಾಗಿ ಕಳಿಸುತ್ತೇನೆ.

ಹಣ ಹೋದ ದಿನ ಅದೇ ಮೇಲಿಗೆ ಉತ್ತರವಾಗಿ ಯುಟಿಆರ್ ಸಂಖ್ಯೆ, ಮೊತ್ತ, ತಾರೀಕು ಮೂರನ್ನೇ ಬರೆದು ಕಳಿಸುತ್ತೇನೆ. ಹೊಸ ಮೇಲ್ ಮಾಡಿದರೆ ವರ್ಷದ ಕೊನೆಗೆ ಆಡಿಟರ್ ಕೇಳಿದಾಗ ಎರಡನ್ನೂ ಹುಡುಕಬೇಕಾಗುತ್ತದೆ.